ಗ್ಯಾಸ್ ಟ್ಯಾಂಕರ್‌ಗೆ, ಸಿಲಿಂಡರ್‌ಗೆ ಬೆಂಕಿ ತಾಗಿದರೆ: ಎಷ್ಟು ಸಮಯ ಇದೆ, ಎಷ್ಟು ದೂರ ಹೋಗಬೇಕು?

ಹೆದ್ದಾರಿಯಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿದ ಸುದ್ದಿ ಬಂದಾಗಲೆಲ್ಲ ಓದುಗರು ಕೇಳುವುದು ಎರಡೇ ಪ್ರಶ್ನೆ. "ಅದು ಸಿಡಿಯುತ್ತಾ?" ಮತ್ತು "ಎಷ್ಟು ದೂರ ಇದ್ದರೆ ಬಚಾವ್?" ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಹಾಸನ, ಬೆಂಗಳೂರಿನ ಕಡೆಗೆ ಬುಲೆಟ್ ಟ್ಯಾಂಕರ್‌ಗಳು ದಿನವೂ ಓಡಾಡುತ್ತವೆ. ಆ ರಸ್ತೆಯಲ್ಲಿ ಬಸ್ಸಿನಲ್ಲೋ ಕಾರಿನಲ್ಲೋ ಹೋಗುವವರಿಗೆ ಈ ಪ್ರಶ್ನೆ ದೂರದ್ದಲ್ಲ. ಅಡುಗೆಮನೆಯ ಸಿಲಿಂಡರ್‌ಗೂ ಇದೇ ಲೆಕ್ಕ, ಗಾತ್ರ ಮಾತ್ರ ಚಿಕ್ಕದು. ಎರಡಕ್ಕೂ ಉತ್ತರವನ್ನು ಹಂತ ಹಂತವಾಗಿ ಬರೆದಿದ್ದೇನೆ.

1. ಮೊದಲು, ಸಿಡಿಯುವುದು ಏನು ಅಂತ ತಿಳಿದುಕೊಳ್ಳಿ

ಎಲ್‌ಪಿಜಿ ಅಂದರೆ ಪ್ರೊಪೇನ್ ಮತ್ತು ಬ್ಯುಟೇನ್ ಎಂಬ ಎರಡು ಅನಿಲಗಳ ಮಿಶ್ರಣ. ಬಯಲಿನಲ್ಲಿ ಬಿಟ್ಟರೆ ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲೇ ಕುದಿಯುತ್ತದೆ, ಬ್ಯುಟೇನ್ ಸೊನ್ನೆ ಡಿಗ್ರಿಯ ಹತ್ತಿರ. ನಮ್ಮ ಊರಿನ ಬಿಸಿಲಿಗೆ ಅದು ದ್ರವವಾಗಿ ಉಳಿಯುವುದೇ ಇಲ್ಲ. ಗಟ್ಟಿ ಉಕ್ಕಿನೊಳಗೆ ಒತ್ತಡದಲ್ಲಿ ಹಿಡಿದಿಟ್ಟಿರುವುದರಿಂದ ಮಾತ್ರ ದ್ರವವಾಗಿದೆ.

ಹಳೇ ಪ್ರೆಶರ್ ಕುಕ್ಕರಿನ ಮುಚ್ಚಳವನ್ನು ಆವಿ ಹೋಗುವ ಮುಂಚೆಯೇ ಬಲವಂತವಾಗಿ ತೆಗೆದರೆ ಏನಾಗುತ್ತದೆ ಗೊತ್ತಲ್ವಾ? ಒಳಗಿನ ನೀರು ನೂರು ಡಿಗ್ರಿಗಿಂತ ಜಾಸ್ತಿ ಬಿಸಿಯಾಗಿರುತ್ತದೆ. ಒತ್ತಡ ಇಳಿದ ಕ್ಷಣವೇ ಅದು ಒಟ್ಟಿಗೆ ಕುದಿದು ಉಕ್ಕುತ್ತದೆ. ಟ್ಯಾಂಕರ್ ಬಿರಿದಾಗ ಆಗುವುದೂ ಇದೇ. ಒಳಗಿನ ದ್ರವವೆಲ್ಲ ಒಮ್ಮೆಗೇ ಕುದಿದು, ಸುಮಾರು 250 ಪಟ್ಟು ಜಾಗ ಬೇಡುವ ಅನಿಲವಾಗುತ್ತದೆ. ಆ ನೂಕಿಗೆ ಉಕ್ಕಿನ ತುಂಡುಗಳು ಹಾರುತ್ತವೆ. ಪಕ್ಕದಲ್ಲಿ ಬೆಂಕಿ ಇದ್ದೇ ಇರುವುದರಿಂದ ಅನಿಲವೆಲ್ಲ ಹೊತ್ತಿ ದೊಡ್ಡ ಬೆಂಕಿಯುಂಡೆಯಾಗಿ ಮೇಲೇಳುತ್ತದೆ. ಅಗ್ನಿಶಾಮಕದವರು ಇದನ್ನು "ಬ್ಲೆವಿ" ಎನ್ನುತ್ತಾರೆ: ಕುದಿಯುವ ದ್ರವ ಆವಿಯಾಗಿ ಹಿಗ್ಗಿ ಸಿಡಿಯುವುದು.

ಇದನ್ನು ಗ್ಯಾಸ್ ಸೋರಿಕೆಯ ಬೆಂಕಿಯ ಜೊತೆ ಬೆರೆಸಬೇಡಿ. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಟ್ಯಾಂಕರ್ ಮಗುಚಿದಾಗ, ಸೋರಿದ ಗ್ಯಾಸ್ ರಸ್ತೆಬದಿಯ ಮನೆಗಳತ್ತ ಹರಡಿ ಹೊತ್ತಿಕೊಂಡಿತು. 2024ರ ಡಿಸೆಂಬರ್‌ನಲ್ಲಿ ಜೈಪುರದ ಭಾಂಕ್ರೋಟಾದಲ್ಲಿ ಡಿಕ್ಕಿಯಿಂದ ಟ್ಯಾಂಕರಿನ ನಳಿಕೆಗಳು ಮುರಿದು, ಹರಡಿದ ಗ್ಯಾಸಿಗೆ ಬೆಂಕಿ ಹತ್ತಿತು. ಇವು ಅನಿಲದ ಮೋಡ ಉರಿದ ದುರಂತಗಳು. ಬ್ಲೆವಿಯಲ್ಲಿ ಟ್ಯಾಂಕೇ ಬಿರಿಯುತ್ತದೆ. ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಸೋರಿಕೆಯಲ್ಲಿ ಕಿಡಿ ತಾಗದಂತೆ ನೋಡಿಕೊಳ್ಳಬೇಕು. ಬೆಂಕಿ ಆಗಲೇ ಹತ್ತಿದ್ದರೆ ಬೇಕಾದದ್ದು ದೂರ ಮತ್ತು ಸಮಯ.

2. ಸೇಫ್ಟಿ ವಾಲ್ವ್ ಇದೆ ಎಂದು ನಿಲ್ಲಬೇಡಿ

"ಟ್ಯಾಂಕಿನಲ್ಲಿ ಸೇಫ್ಟಿ ವಾಲ್ವ್ ಇರುತ್ತದಲ್ಲ, ಒತ್ತಡ ಜಾಸ್ತಿಯಾದರೆ ಅದೇ ಬಿಟ್ಟುಕೊಳ್ಳುತ್ತದೆ" ಎಂಬ ನಂಬಿಕೆ ಜನರಲ್ಲಿ ತುಂಬ ಇದೆ. ಎಲ್ಲಕ್ಕಿಂತ ಅಪಾಯದ ತಪ್ಪು ಇದೇ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಟ್ಯಾಂಕಿನ ಕೆಳಭಾಗದಲ್ಲಿ ದ್ರವ, ಮೇಲ್ಭಾಗದಲ್ಲಿ ಅನಿಲ ಇರುತ್ತದೆ. ಹೊರಗಿನ ಬೆಂಕಿ ದ್ರವ ಇರುವ ಕಡೆ ತಾಗಿದರೆ, ದ್ರವ ಕುದಿಯುತ್ತ ಆ ಬಿಸಿಯನ್ನು ಹೀರಿಕೊಳ್ಳುತ್ತದೆ. ನೀರು ತುಂಬಿದ ಪಾತ್ರೆಯ ತಳ ಒಲೆಯ ಮೇಲೆ ಸುಡದಿರುವುದೂ ಹೀಗೆಯೇ. ಆದರೆ ಅನಿಲ ಇರುವ ಮೇಲ್ಭಾಗಕ್ಕೆ ಜ್ವಾಲೆ ತಾಗಿದರೆ ಬಿಸಿಯನ್ನು ಹೀರಿಕೊಳ್ಳಲು ಒಳಗೆ ಏನೂ ಇಲ್ಲ. ನೀರಿಲ್ಲದ ಪಾತ್ರೆಯನ್ನು ಒಲೆಯ ಮೇಲೆ ಇಟ್ಟ ಹಾಗೆ. ಕೆಲವೇ ನಿಮಿಷಗಳಲ್ಲಿ ಅಲ್ಲಿನ ಉಕ್ಕು 600 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ಅಷ್ಟು ಬಿಸಿಗೆ ಉಕ್ಕಿನ ಬಲ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ.

ವಾಲ್ವ್ ಮಾಡುವುದು ಒತ್ತಡವನ್ನು ಒಂದು ಮಿತಿಯಲ್ಲಿಡುವ ಕೆಲಸ. ಉಕ್ಕನ್ನು ತಂಪು ಮಾಡುವ ಕೆಲಸ ಅದರದ್ದಲ್ಲ. ಮೆತ್ತಗಾದ ಉಕ್ಕು ಮಾಮೂಲಿ ಒತ್ತಡವನ್ನೂ ತಡೆಯಲಾರದೆ ಬಿರಿಯುತ್ತದೆ. ಇನ್ನೊಂದು ವಿಷಯವೂ ಇದೆ. ವಾಲ್ವ್ ಗ್ಯಾಸ್ ಬಿಟ್ಟಷ್ಟೂ ಒಳಗಿನ ದ್ರವದ ಮಟ್ಟ ಇಳಿಯುತ್ತದೆ, ಒಣಗಿದ ಗೋಡೆ ಜಾಸ್ತಿಯಾಗುತ್ತದೆ. ಟ್ಯಾಂಕರ್ ಪಕ್ಕಕ್ಕೆ ಮಗುಚಿದ್ದರೆ ವಾಲ್ವ್ ದ್ರವದೊಳಗೆ ಮುಳುಗಿರಬಹುದು. ಆಗ ಒತ್ತಡ ಇಳಿಸುವ ಕೆಲಸವೂ ಸರಿಯಾಗಿ ಆಗುವುದಿಲ್ಲ.

"ಅರ್ಧ ಖಾಲಿ ಟ್ಯಾಂಕರ್, ಭಯ ಇಲ್ಲ" ಅನ್ನುವ ಮಾತೂ ಇದೇ ಕಾರಣಕ್ಕೆ ತಪ್ಪು. ಖಾಲಿ ಜಾಗ ಜಾಸ್ತಿ ಇದ್ದಷ್ಟೂ ಬಿಸಿಯಾಗಿ ಸೋಲುವ ಉಕ್ಕು ಜಾಸ್ತಿ.

3. ಎಷ್ಟು ದೂರ? ಲೆಕ್ಕ ಹೀಗಿದೆ

ಗ್ಯಾಸಿನ ತೂಕವನ್ನು ಕಿಲೋದಲ್ಲಿ ತೆಗೆದುಕೊಂಡು ಅದರ ಘನಮೂಲ ಹುಡುಕಿ, 3ರಿಂದ ಗುಣಿಸಿ. ಘನಮೂಲ ಅಂದರೆ, ಯಾವ ಸಂಖ್ಯೆಯನ್ನು ಮೂರು ಸಲ ಬರೆದು ಗುಣಿಸಿದರೆ ಆ ತೂಕ ಬರುತ್ತದೋ ಅದು. ಬಂದ ಉತ್ತರ ಬೆಂಕಿಯುಂಡೆಯ ತ್ರಿಜ್ಯ, ಮೀಟರುಗಳಲ್ಲಿ. ಮೊಬೈಲಿನ ಕ್ಯಾಲ್ಕ್ಯುಲೇಟರಿನಲ್ಲಿ ಮಾಡಬಹುದು, ಆದರೆ ಘಟನೆ ನಡೆದಾಗ ಅಲ್ಲ. ಈಗಲೇ ನೋಡಿಟ್ಟುಕೊಳ್ಳಿ.

ನಮ್ಮ ಹೆದ್ದಾರಿಯ ದೊಡ್ಡ ಬುಲೆಟ್ ಟ್ಯಾಂಕರಿನಲ್ಲಿ ಸುಮಾರು 18 ಟನ್ ಗ್ಯಾಸ್ ಇರುತ್ತದೆ. 18,000ದ ಘನಮೂಲ 26ಕ್ಕೆ ಚೂರು ಜಾಸ್ತಿ. ಮೂರು ಪಟ್ಟು ಮಾಡಿದರೆ 79 ಮೀಟರ್. ಬೆಂಕಿಯುಂಡೆ ಹೆಚ್ಚುಕಡಿಮೆ 160 ಮೀಟರ್ ಅಗಲ, ಉರಿಯುವ ಹೊತ್ತು ಸುಮಾರು 12 ಸೆಕೆಂಡ್.

ಆದರೆ 80 ಮೀಟರ್ ಆಚೆ ಇದ್ದರೆ ಸಾಕು ಅಂತ ತಿಳಿಯಬೇಡಿ. ಉಂಡೆಯ ಹೊರಗೂ ಶಾಖ ಸುಡುತ್ತದೆ, ಉಕ್ಕಿನ ತುಂಡುಗಳು ಇನ್ನೂ ದೂರ ಹೋಗುತ್ತವೆ. ಅಮೆರಿಕ, ಕೆನಡಾದ ತುರ್ತು ಸಿಬ್ಬಂದಿ ಬಳಸುವ ಕೈಪಿಡಿ ಹೇಳುವ ಅಳತೆಗಳು ಇವು. ಪೂರ್ತಿ ರಕ್ಷಣಾ ಉಡುಪು ಹಾಕಿದ ಅಗ್ನಿಶಾಮಕ ಸಿಬ್ಬಂದಿಗೆ ತ್ರಿಜ್ಯದ ನಾಲ್ಕು ಪಟ್ಟು, ಆದರೆ ಎಂದೂ 90 ಮೀಟರಿಗಿಂತ ಕಡಿಮೆ ಇಲ್ಲ. ಸಾಮಾನ್ಯ ಜನರಿಗೆ ಕನಿಷ್ಠ 15 ಪಟ್ಟು. ಸಾಧ್ಯವಿದ್ದರೆ 30 ಪಟ್ಟು, ಹೆಚ್ಚೆಂದರೆ 2,200 ಮೀಟರ್.

ನಮ್ಮ 18 ಟನ್ ಟ್ಯಾಂಕರಿಗೆ ಹಾಕಿ ನೋಡೋಣ. ಅಗ್ನಿಶಾಮಕದವರಿಗೆ 300 ಮೀಟರಿಗೂ ಚೂರು ಜಾಸ್ತಿ. ನಿಮಗೂ ನನಗೂ ಕನಿಷ್ಠ 1,200 ಮೀಟರ್, ಆದರೆ ಎರಡು ಕಿಲೋಮೀಟರ್ ದಾಟಿದರೆ ಒಳ್ಳೆಯದು. ಜ್ಞಾಪಕ ಇಟ್ಟುಕೊಳ್ಳಲು ಸುಲಭವಾಗಿ ಹೇಳುವುದಾದರೆ, ಟ್ಯಾಂಕರಿಗೆ ಬೆಂಕಿ ಬಿದ್ದರೆ ಒಂದೂವರೆ ಕಿಲೋಮೀಟರ್.

ಮನೆಯ 14.2 ಕಿಲೋ ಸಿಲಿಂಡರಿಗೆ ತ್ರಿಜ್ಯ ಸುಮಾರು 7 ಮೀಟರ್, ಹೋಟೆಲಿನ 19 ಕಿಲೋ ಸಿಲಿಂಡರಿಗೆ 8 ಮೀಟರ್. 15 ಪಟ್ಟು ಎಂದರೆ 110ರಿಂದ 120 ಮೀಟರ್. ಮನೆ ಮುಂದಿನ ರಸ್ತೆಯಲ್ಲಿ ನಿಂತರೆ ಸಾಲದು, ಬೀದಿಯ ತುದಿಗೆ ಹೋಗಬೇಕು.

ಸಾಲದ ದೂರ ಏನು ಮಾಡುತ್ತದೆ ಎನ್ನುವುದಕ್ಕೆ ಒಂದು ಉದಾಹರಣೆ ಅಮೆರಿಕದ ಅರಿಜೋನಾದ ಕಿಂಗ್‌ಮನ್ ಪಟ್ಟಣದ್ದು. 1973ರ ಜುಲೈ 5. ಸುಮಾರು ಒಂದೂಕಾಲು ಲಕ್ಷ ಲೀಟರ್ ಹಿಡಿಯುವ ರೈಲು ಟ್ಯಾಂಕಿನಿಂದ ಪ್ರೊಪೇನ್ ಇಳಿಸುವಾಗ ಸೋರಿಕೆ ಆಗಿ ಬೆಂಕಿ ಹತ್ತಿತು. ಅಗ್ನಿಶಾಮಕದವರು ಬೇಗ ಬಂದರು, ಟ್ಯಾಂಕಿಗೆ ನೀರು ಹಾಯಿಸಿ ತಂಪು ಮಾಡಲು ಹತ್ತಿರ ಹೋದರು. ಬೆಂಕಿ ಹತ್ತಿ ಸುಮಾರು 19 ನಿಮಿಷಕ್ಕೆ ಟ್ಯಾಂಕ್ ಬಿರಿಯಿತು. 11 ಮಂದಿ ಅಗ್ನಿಶಾಮಕ ಸಿಬ್ಬಂದಿ ಸತ್ತರು. ಪಕ್ಕದ ಹೆದ್ದಾರಿಯಲ್ಲಿ, ಸುಮಾರು 300 ಮೀಟರ್ ದೂರದಲ್ಲಿ, ನೋಡುತ್ತ ನಿಂತಿದ್ದ ಜನರಿಗೂ ಸುಟ್ಟ ಗಾಯಗಳಾದವು. ಟ್ಯಾಂಕಿನಲ್ಲಿ 50 ಟನ್ ಇತ್ತೆಂದು ಇಟ್ಟುಕೊಂಡು ನಮ್ಮ ಲೆಕ್ಕ ಹಾಕಿದರೆ ತ್ರಿಜ್ಯ 110 ಮೀಟರ್, ಜನ ಇರಬೇಕಾದ ದೂರ 1,650 ಮೀಟರ್. ಆ 300 ಮೀಟರ್ ಅಲ್ಲಿ ನಿಂತವರ ಕಣ್ಣಿಗೆ ತುಂಬ ದೂರ ಅನಿಸಿರಬೇಕು.

4. ಎಷ್ಟು ಸಮಯ? ಏಳು ನಿಮಿಷ ಅಂದುಕೊಳ್ಳಿ

ಇಷ್ಟು ದೊಡ್ಡ ಟ್ಯಾಂಕರಿನ ಮೇಲ್ಭಾಗಕ್ಕೆ ಜೋರಾದ ಜ್ವಾಲೆ ನೇರವಾಗಿ ಹೊಡೆಯುತ್ತಿದ್ದರೆ, ಅದೇ ಕೈಪಿಡಿಯ ಪ್ರಕಾರ ಬರೀ 7 ನಿಮಿಷಕ್ಕೇ ಬಿರಿಯಬಹುದು. ಚಿಕ್ಕ ಟ್ಯಾಂಕಿಗೆ 4 ನಿಮಿಷ. ಬಹಳ ಸಲ ಇದಕ್ಕಿಂತ ತಡವಾಗುತ್ತದೆ, ಕೆಲವು ಸಲ ಸಿಡಿಯುವುದೇ ಇಲ್ಲ. ಆದರೆ ದೂರದಿಂದ ನೋಡುವ ನಿಮಗೆ ಯಾವ ಸಲ ಯಾವುದು ಅಂತ ತಿಳಿಯುವುದಿಲ್ಲ. ಬೆಂಕಿ ಯಾವಾಗ ಹತ್ತಿತು ಎನ್ನುವುದೂ ಬಹುತೇಕ ಗೊತ್ತಿರುವುದಿಲ್ಲ.

ಈಗ ಕಾಲಿನ ಲೆಕ್ಕ. ಬಿರುಸಾಗಿ ನಡೆದರೆ ನಿಮಿಷಕ್ಕೆ 90 ಮೀಟರ್ ಆಗುತ್ತದೆ. ಏಳು ನಿಮಿಷಕ್ಕೆ 600 ಮೀಟರಿನ ಆಸುಪಾಸು. ಅಂದರೆ ನೋಡಿದ ತಕ್ಷಣ ಹೊರಟರೂ ಪೂರ್ತಿ ದೂರ ಸಿಗುವುದಿಲ್ಲ. ಮೂರು ನಿಮಿಷ ವಿಡಿಯೊ ಮಾಡುತ್ತ ನಿಂತರೆ ಉಳಿಯುವುದು 360 ಮೀಟರ್, ಕಿಂಗ್‌ಮನ್‌ನ ಜನ ನಿಂತಿದ್ದ ಜಾಗಕ್ಕಿಂತ ಸ್ವಲ್ಪ ಆಚೆ ಅಷ್ಟೇ. ದಯವಿಟ್ಟು ವಿಡಿಯೊ ಮಾಡಬೇಡಿ. ನಿಮ್ಮ ಜೊತೆಯವರು ಮಾಡುತ್ತಿದ್ದರೆ ಕೈ ಹಿಡಿದು ಎಳೆದುಕೊಂಡು ಹೋಗಿ.

5. ರಸ್ತೆಯಲ್ಲಿ ಸಿಕ್ಕಿಕೊಂಡಾಗ ಮಾಡಬೇಕಾದದ್ದು

ಮೊದಲು ನೋಡಬೇಕಾದದ್ದು, ಬೆಂಕಿ ಇದೆಯೋ ಅಥವಾ ಬರೀ ಸೋರಿಕೆಯೋ. ನೆಲದ ಮೇಲೆ ಬಿಳಿ ಮಂಜಿನಂಥದ್ದು ಹರಿಯುತ್ತಿದ್ದು ಗ್ಯಾಸಿನ ವಾಸನೆ ಬರುತ್ತಿದ್ದರೆ ಅದು ಸೋರಿಕೆ. ಆಗ ಎಂಜಿನ್ ಆರಿಸಿ. ಆರಿಸಿದ ಮೇಲೆ ಮತ್ತೆ ಸ್ಟಾರ್ಟ್ ಮಾಡಬೇಡಿ, ಬೀಡಿ, ಸಿಗರೇಟು ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ. ಅದು ಮೇಲೇರಿ ಹೋಗದೆ ಚರಂಡಿ, ಮೋರಿ, ತಗ್ಗು, ಕಣಿವೆಯ ಕಡೆ ಹರಿಯುತ್ತದೆ. ಮಂಜು ಇಳಿಯುತ್ತಿರುವ ಕಡೆ ಹೋಗಬೇಡಿ. ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ ಅಥವಾ ಗಾಳಿ ಬರುವ ಕಡೆಗೆ, ಆದಷ್ಟು ಎತ್ತರದ ಕಡೆಗೆ ನಡೆಯಿರಿ. ಘಾಟಿಯಲ್ಲಿ ಇದನ್ನು ಮರೆಯಲೇಬಾರದು. ಇಳಿಜಾರಿನಲ್ಲಿ ಓಡುವುದು ಸುಲಭ ಅಂತ ಜನ ಕೆಳಕ್ಕೇ ಓಡುತ್ತಾರೆ.

ಬೆಂಕಿ ಕಾಣುತ್ತಿದ್ದರೆ ಮೊದಲು ವಾಹನ ಹಿಂದಕ್ಕೆ ತಿರುಗಿಸಲು ಜಾಗ ಇದೆಯೇ ನೋಡಿ. ಜಾಗ ಇದ್ದರೆ ಕೂಡಲೇ ತಿರುಗಿಸಿ. ಇಲ್ಲದಿದ್ದರೆ ವಾಹನ ಬಿಟ್ಟು ಇಳಿಯಿರಿ, ಸಾಮಾನು ಎತ್ತಿಕೊಳ್ಳಲು ನಿಲ್ಲಬೇಡಿ. ಹಿಂದಿನ ವಾಹನದವರಿಗೆ ಕೂಗಿ ಹೇಳುತ್ತ ನಡೆಯಿರಿ. ಬಸ್ಸಿನಲ್ಲಿದ್ದರೆ ಡ್ರೈವರ್, ಕಂಡಕ್ಟರ್ ಅವರಿಗೆ ಒಂದೇ ಮಾತು ಹೇಳಿ: "ಎಲ್ಲರನ್ನೂ ಇಳಿಸಿ, ಹಿಂದಕ್ಕೆ ನಡೆಸಿ." ವಯಸ್ಸಾದವರು, ಮಕ್ಕಳು ಮೊದಲು ಹೊರಡಲಿ, ಅವರ ನಡಿಗೆ ನಿಧಾನ.

ಉದ್ದದ ಟ್ಯಾಂಕಿನ ಎರಡೂ ತುದಿಗಳು ರಾಕೆಟ್ಟಿನ ಹಾಗೆ ಹಾರುವ ಸಾಧ್ಯತೆ ಜಾಸ್ತಿ. ಅದಕ್ಕೇ ತುದಿಯ ನೇರಕ್ಕೆ ನಿಲ್ಲಬಾರದು ಅಂತಾರೆ. ಅದು ನಿಜ, ಆದರೆ ಪಕ್ಕದಲ್ಲಿ ನಿಂತರೆ ಸುರಕ್ಷಿತ ಅಂತ ಅದರ ಅರ್ಥ ಅಲ್ಲ. ಟ್ಯಾಂಕ್ ಬಿರಿಯುವಾಗ ತಿರುಗಿ, ಪುಟಿದು ಯಾವ ದಿಕ್ಕಿಗೂ ಹೋಗಬಹುದು. 1984ರಲ್ಲಿ ಮೆಕ್ಸಿಕೊ ನಗರದ ಹತ್ತಿರದ ಸಾನ್ ಹುವಾನಿಕೊ ಗ್ಯಾಸ್ ಸಂಗ್ರಹ ಕೇಂದ್ರದಲ್ಲಿ ಸಿಡಿದ ಒಂದು ಟ್ಯಾಂಕ್ 1,200 ಮೀಟರ್ ದೂರ ಹೋಗಿ ಬಿದ್ದಿತ್ತು.

ದೂರ ಹೋಗಲು ಆಗದೇ ಇದ್ದರೆ ನಿಮಗೂ ಟ್ಯಾಂಕರಿಗೂ ನಡುವೆ ಏನಾದರೂ ಗಟ್ಟಿಯಾದದ್ದು ಬರಲಿ. ರಸ್ತೆಯ ತಿರುವಿನಾಚೆಯ ಗುಡ್ಡ, ಕಾಂಕ್ರೀಟ್ ಕಟ್ಟಡದ ಹಿಂಬದಿ ಒಳ್ಳೆಯದು. ಶಾಖ ಬೆಳಕಿನ ಹಾಗೆ ನೇರವಾಗಿ ಬರುತ್ತದೆ. ಬೆಂಕಿ ಕಾಣದ ಜಾಗದಲ್ಲಿ ಶಾಖ ತುಂಬ ಕಡಿಮೆ. ಗಾಜಿನ ಹತ್ತಿರ ಮಾತ್ರ ನಿಲ್ಲಬೇಡಿ. 2018ರ ಆಗಸ್ಟ್ 6ರಂದು ಇಟಲಿಯ ಬೊಲೊನ್ಯಾದ ಹೆದ್ದಾರಿಯಲ್ಲಿ ಎಲ್‌ಪಿಜಿ ಟ್ಯಾಂಕರ್ ಮುಂದಿನ ಲಾರಿಗೆ ಡಿಕ್ಕಿ ಹೊಡೆದು ಹೊತ್ತಿಕೊಂಡಿತು, ಹತ್ತು ನಿಮಿಷ ತುಂಬುವ ಹೊತ್ತಿಗೆ ಸಿಡಿಯಿತು. ಸುತ್ತಲಿನ ಕಟ್ಟಡಗಳ ಗಾಜು ಒಡೆದು ಬಹಳ ಜನರಿಗೆ ಗಾಯವಾಯಿತು. ಅಂಗಡಿ, ಮನೆಯೊಳಗೆ ಇದ್ದರೆ ಕಿಟಕಿಗೆ ಬಂದು ನೋಡಬೇಡಿ, ಹಿಂದಿನ ಕೋಣೆಗೆ ಹೋಗಿ.

6. ನೀರು ಹಾಕಲು, ಬೆಂಕಿ ಆರಿಸಲು ಹೋಗಬೇಡಿ

ಊರಿನವರು ಒಳ್ಳೆಯ ಮನಸ್ಸಿನಿಂದಲೇ ಬಕೆಟ್, ಪೈಪು ಹಿಡಿದು ಓಡಿಬರುತ್ತಾರೆ. ಆದರೆ ಲೆಕ್ಕ ನೋಡಿ. ಈ ಗಾತ್ರದ ಟ್ಯಾಂಕರನ್ನು ತಂಪಾಗಿಡಲು ನಿಮಿಷಕ್ಕೆ ಸುಮಾರು 1,900 ಲೀಟರ್ ನೀರು ಬೇಕು. ನಮ್ಮ ಸಾಮಾನ್ಯ ಫೈರ್ ಎಂಜಿನ್ನಿನಲ್ಲಿ ಇರುವುದು 4,500 ಲೀಟರ್ ಆಸುಪಾಸು. ಅದು ಎರಡೂವರೆ ನಿಮಿಷಕ್ಕೂ ಸಾಲದು. ಅದಕ್ಕೇ ಅಗ್ನಿಶಾಮಕದವರೂ ನಿರಂತರ ನೀರು ಸಿಗದಿದ್ದರೆ ಹಿಂದೆ ಸರಿಯುತ್ತಾರೆ. "ಬಂದವರು ಸುಮ್ನೆ ದೂರ ನಿಂತಿದ್ದಾರೆ" ಎಂದು ಅವರ ಮೇಲೆ ಕೂಗಾಡುವುದು ಬೇಡ.

ವಾಲ್ವಿನ ಬಾಯಲ್ಲಿ ಉರಿಯುವ ಬೆಂಕಿಯನ್ನು ಆರಿಸುವುದು ಇನ್ನೂ ದೊಡ್ಡ ತಪ್ಪು. ಗ್ಯಾಸ್ ನಿಲ್ಲಿಸಲಾಗದೆ ಜ್ವಾಲೆ ಮಾತ್ರ ಆರಿಸಿದರೆ ಗ್ಯಾಸ್ ಹೊರಗೆ ಬರುತ್ತಲೇ ಇರುತ್ತದೆ. ಅದು ಸುತ್ತ ಹರಡಿ ಬೇರೆಲ್ಲೋ ಕಿಡಿ ಸಿಕ್ಕಾಗ ಒಟ್ಟಿಗೆ ಹೊತ್ತುತ್ತದೆ.

ವಾಲ್ವಿನ ಸದ್ದು ಸೀಟಿಯಂತೆ ಜೋರಾಗುತ್ತ ಹೋದರೆ, ಜ್ವಾಲೆ ಉದ್ದವಾಗುತ್ತಿದ್ದರೆ, ಟ್ಯಾಂಕಿನ ಮೈ ಬಣ್ಣ ಬದಲಾಗಿದ್ದರೆ ಅಥವಾ ಒಂದು ಕಡೆ ಉಬ್ಬಿದ್ದರೆ, ಬಿರಿಯುವ ಹೊತ್ತು ಹತ್ತಿರ ಬಂದಿದೆ. ಆದರೆ ಈ ಲಕ್ಷಣ ಕಾಣಲಿ ಎಂದು ಕಾಯಬೇಡಿ. ಕೆಲವು ಸಲ ಯಾವ ಮುನ್ಸೂಚನೆಯೂ ಇರುವುದಿಲ್ಲ. ಇವನ್ನು ನೋಡುವಷ್ಟು ಹತ್ತಿರ ನೀವಿದ್ದರೆ ಆಗಲೇ ತಡವಾಗಿದೆ.

7. ಮನೆಯ ಸಿಲಿಂಡರಾದರೆ

ಇಲ್ಲಿ ಒಂದು ಸಮಾಧಾನದ ಮಾತು ಹೇಳಬಹುದು. "ಸಿಲಿಂಡರ್ ಸ್ಫೋಟ" ಎಂದು ಸುದ್ದಿಯಾಗುವ ಎಷ್ಟೋ ಘಟನೆಗಳಲ್ಲಿ ಸಿಲಿಂಡರ್ ಒಡೆದೇ ಇರುವುದಿಲ್ಲ. ಪೈಪಿನಿಂದ ಸೋರಿದ ಗ್ಯಾಸ್ ಮುಚ್ಚಿದ ಕೋಣೆಯಲ್ಲಿ ತುಂಬಿ, ಸ್ವಿಚ್ಚಿನ ಕಿಡಿಗೆ ಹೊತ್ತಿರುತ್ತದೆ. ಸಿಲಿಂಡರ್ ಬಿರಿಯುವುದು ಅದರ ಮೈಗೇ ಬೆಂಕಿ ಕೆಲವು ನಿಮಿಷ ತಾಗಿದಾಗ.

ಹಾಗಾಗಿ ನಿರ್ಧಾರ ಒಂದೇ ಪ್ರಶ್ನೆಯ ಮೇಲೆ ನಿಂತಿದೆ: ಉರಿಯುತ್ತಿರುವುದು ಏನು? ರಬ್ಬರ್ ಪೈಪಿನ ತುದಿಯಲ್ಲೋ ಒಲೆಯ ಹತ್ತಿರವೋ ಚಿಕ್ಕ ಜ್ವಾಲೆ ಇದ್ದು, ರೆಗ್ಯುಲೇಟರ್ ಕೈಗೆ ಸಿಗುವಂತಿದ್ದರೆ, ಒದ್ದೆ ಟವೆಲ್ಲನ್ನು ಕೈಗೆ ಸುತ್ತಿಕೊಂಡು ಅದರ ಗುಂಡಿ ತಿರುಗಿಸಿ ಬಂದ್ ಮಾಡಿ. ಗ್ಯಾಸ್ ನಿಂತರೆ ಬೆಂಕಿ ತಾನೇ ಆರುತ್ತದೆ. ಒಂದು ಸಲ ಪ್ರಯತ್ನಿಸಿ, ಆಗದಿದ್ದರೆ ಬಿಟ್ಟು ಹೊರಡಿ. ಜ್ವಾಲೆ ಸಿಲಿಂಡರಿನ ಮೈಯನ್ನು ನೆಕ್ಕುತ್ತಿದ್ದರೆ, ಅಥವಾ ಸುತ್ತಲಿನ ಕಪಾಟು, ಪರದೆ ಹೊತ್ತಿಕೊಂಡಿದ್ದರೆ ಹತ್ತಿರ ಹೋಗಲೇಬೇಡಿ. ಬಾಗಿಲು ಎಳೆದುಕೊಂಡು ಎಲ್ಲರನ್ನೂ ಹೊರಗೆ ಕರೆದು, ಅಕ್ಕಪಕ್ಕದವರನ್ನೂ ಎಬ್ಬಿಸಿ, 110 ಮೀಟರ್ ಆಚೆಗೆ ಹೋಗಿ.

ಉರಿಯುವ ಸಿಲಿಂಡರನ್ನು ಎಳೆದು ಹೊರಗೆ ತರುವ ಸಾಹಸ ಬೇಡ. ಅದು ಅಡ್ಡ ಬಿದ್ದರೆ ಅನಿಲದ ಬದಲು ದ್ರವವೇ ಬಾಯಿಂದ ಚಿಮ್ಮುತ್ತದೆ, ಜ್ವಾಲೆ ಒಮ್ಮೆಗೇ ಹಲವು ಪಟ್ಟು ಆಗುತ್ತದೆ. ಒಲೆಯ ಪಕ್ಕದಲ್ಲೇ ಎರಡನೇ ತುಂಬಿದ ಸಿಲಿಂಡರ್ ಇಡುವ ಅಭ್ಯಾಸವನ್ನು ಇವತ್ತೇ ಬಿಡಿ. ಒಂದರ ಜ್ವಾಲೆ ಇನ್ನೊಂದರ ಮೈಗೆ ತಾಗುವುದು ಹೀಗೆಯೇ. ಗ್ಯಾರೇಜು, ವೆಲ್ಡಿಂಗ್ ಅಂಗಡಿಯ ಅಸಿಟಿಲೀನ್ ಸಿಲಿಂಡರಿಗೆ ಈ ಲೆಕ್ಕ ಹಾಕಬೇಡಿ. ಅದು ಹೊರಗಿನ ಬೆಂಕಿ ಆರಿದ ಮೇಲೂ ಒಳಗೊಳಗೇ ಬಿಸಿಯಾಗುತ್ತ ಹೋಗಬಲ್ಲದು.

8. ಫೋನ್ ಮಾಡಿ ಏನು ಹೇಳಬೇಕು

ನಡೆಯುತ್ತಲೇ 112 ಅಥವಾ 101ಕ್ಕೆ ಕರೆ ಮಾಡಿ. ಬೆಂಕಿ ಇಲ್ಲದ ಸೋರಿಕೆಯಾದರೆ ಮೊದಲು ವಾಸನೆ ಇಲ್ಲದಷ್ಟು ದೂರ ಬನ್ನಿ, ಆಮೇಲೆ ಫೋನ್ ತೆಗೆಯಿರಿ. ಮನೆಯ ಗ್ಯಾಸ್ ಸೋರಿಕೆಗೆ 1906 ಎಂಬ ನಂಬರ್ ಹಗಲೂ ರಾತ್ರಿ ಇದೆ.

ಜಾಗ ಹೇಳಿದ ಮೇಲೆ ಈ ನಾಲ್ಕು ವಿಷಯ ಹೇಳಿದರೆ ಬರುವವರಿಗೆ ತುಂಬ ಉಪಯೋಗ. ಬೆಂಕಿ ಹತ್ತಿದೆಯೋ ಬರೀ ಸೋರಿಕೆಯೋ. ಹತ್ತಿ ಎಷ್ಟು ಹೊತ್ತಾಯಿತು. ಜ್ವಾಲೆ ಟ್ಯಾಂಕಿನ ಮೈಗೆ ತಾಗುತ್ತಿದೆಯೋ ಅಥವಾ ಎಂಜಿನ್, ಟಯರ್ ಮಾತ್ರ ಉರಿಯುತ್ತಿದೆಯೋ. ಮತ್ತು ಟ್ಯಾಂಕರಿನ ಮೇಲಿನ ಫಲಕದ ನಾಲ್ಕು ಅಂಕಿಯ ನಂಬರ್, ಅದೂ ದೂರದಿಂದಲೇ ಕಂಡಿದ್ದರೆ ಮಾತ್ರ. 1075 ಎಂದಿದ್ದರೆ ಅದು ಎಲ್‌ಪಿಜಿ. ಮನೆಯಾದರೆ ಒಳಗೆ ಎಷ್ಟು ಸಿಲಿಂಡರ್ ಇವೆ, ಯಾವ ಕೋಣೆಯಲ್ಲಿವೆ ಎಂದು ಮರೆಯದೆ ಹೇಳಿ. ಒಳಗೆ ನುಗ್ಗುವ ಸಿಬ್ಬಂದಿಯ ಜೀವ ಆ ಮಾತಿನ ಮೇಲೆ ನಿಂತಿರುತ್ತದೆ.

9. ಬೆಂಕಿ ಆರಿದ ಮೇಲೆ

ಜ್ವಾಲೆ ಕಾಣುತ್ತಿಲ್ಲ ಎಂದು ಕೂಡಲೇ ವಾಪಸ್ ಹೋಗಬೇಡಿ. ಕಾದ ಉಕ್ಕು, ಕಾದ ದ್ರವ ಎರಡೂ ಇನ್ನೂ ಅಲ್ಲೇ ಇರುತ್ತವೆ. ಬೆಂಕಿಗೆ ಸಿಕ್ಕಿ ಬಿರಿಯದೆ ಉಳಿದ ಸಿಲಿಂಡರ್ ಹೊರಗೆ ಕಪ್ಪಾಗಿದೆ ಅಷ್ಟೇ ಅನಿಸಬಹುದು, ಆದರೆ ಒಮ್ಮೆ ಅಷ್ಟು ಕಾದ ಉಕ್ಕು ಮೊದಲಿನ ಬಲ ಕಳೆದುಕೊಂಡಿರಬಹುದು. ಅದನ್ನು ಅಲುಗಾಡಿಸಬೇಡಿ, ತೊಳೆದು ಮತ್ತೆ ಬಳಸಬೇಡಿ. ಅಗ್ನಿಶಾಮಕದವರು "ಈಗ ಬರಬಹುದು" ಎಂದ ಮೇಲೆಯೇ ಒಳಗೆ ಹೋಗಿ. ಸಿಲಿಂಡರನ್ನು ನಿಮ್ಮ ಗ್ಯಾಸ್ ಏಜೆನ್ಸಿಯವರೇ ಬಂದು ತೆಗೆದುಕೊಂಡು ಹೋಗಲಿ, ಅದು ಬೆಂಕಿಗೆ ಸಿಕ್ಕಿದ್ದೆಂದು ಅವರಿಗೆ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅದು ಖಾಲಿ ಸಿಲಿಂಡರುಗಳ ಜೊತೆ ಸೇರಿ ಮತ್ತೆ ತುಂಬಲು ಹೋಗಿಬಿಡಬಹುದು.